ಕೆಲಸ ಬಿಟ್ಟು ಹೋದವನ ಅಕೌಂಟ್‌ನಲ್ಲಿ ರಿಫ್ರೆಶ್ ಓಡುತ್ತಿತ್ತು, ಈಗ ಸ್ಟಾಕ್ ರಿಪೋರ್ಟ್ ನಿಂತಿದೆ

ಮೆಣಸಿನಕಾಯಿ ಲೆಕ್ಕ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಾನು ಮೆಣಸಿನಕಾಯಿ ವ್ಯಾಪಾರದ ಒಂದು ಆಫೀಸಿನಲ್ಲಿ ಲೆಕ್ಕ ನೋಡುತ್ತೇನೆ. ಐಟಿ ನನ್ನ ಕೆಲಸ ಅಲ್ಲ, ಆದರೆ ಈಗ ಕೊರಳಿಗೆ ಬಿದ್ದಿದೆ.

ಬ್ಯಾಡಗಿಯಲ್ಲಿ ಮೂರು ಕೋಲ್ಡ್ ಸ್ಟೋರೇಜ್‌ಗಳಲ್ಲಿ ನಮ್ಮ ಮಾಲು ಇದೆ. ಎಲ್ಲಿ ಎಷ್ಟು ಚೀಲ ಡಬ್ಬಿ ತಳಿ, ಎಷ್ಟು ಕಡ್ಡಿ ತಳಿ ಅಂತ ತೋರಿಸುವ ಒಂದು ಪವರ್ ಬಿಐ ರಿಪೋರ್ಟ್ ಇದೆ. ನಮ್ಮಲ್ಲಿದ್ದ ಒಬ್ಬ ಹುಡುಗ ಎರಡು ವರ್ಷದ ಹಿಂದೆ ಮಾಡಿದ್ದು. ದಿನಕ್ಕೆ ಎರಡು ಸಲ, ಬೆಳಗ್ಗೆ 6:30ಕ್ಕೆ ಮತ್ತು ರಾತ್ರಿ 9ಕ್ಕೆ, ತಾನೇ ರಿಫ್ರೆಶ್ ಆಗುತ್ತಿತ್ತು. ಹುಡುಗ ಹೋದ ಶನಿವಾರದ ಹಿಂದಿನ ಶನಿವಾರ ಕೆಲಸ ಬಿಟ್ಟ. ಬೆಂಗಳೂರಿನಲ್ಲಿ ಒಳ್ಳೆ ಕೆಲಸ ಸಿಕ್ಕಿದೆ, ಜಗಳ ಏನಿಲ್ಲ. ಅವತ್ತು ರಾತ್ರಿಯೇ ನಮ್ಮ ಕಂಪ್ಯೂಟರ್ ನೋಡಿಕೊಳ್ಳುವ ಹೊರಗಿನವರು ಅವನ ಲಾಗಿನ್ ಬಂದ್ ಮಾಡಿದರು.

ಇವತ್ತು ಸೋಮವಾರ, ಪೇಟೆ ದಿನ. ಸಾವಕಾರರು ಫೋನಿನಲ್ಲಿ ರಿಪೋರ್ಟ್ ನೋಡಿ ಎರಡನೇ ಸ್ಟೋರೇಜ್‌ನಲ್ಲಿ 4,120 ಚೀಲ ಡಬ್ಬಿ ಇದೆ ಅಂತ ಒಬ್ಬ ಖರೀದಿದಾರರಿಗೆ 4,000 ಚೀಲಕ್ಕೆ ಮಾತು ಕೊಟ್ಟುಬಿಟ್ಟರು. ಆಮೇಲೆ ಸ್ಟೋರೇಜ್‌ನವರಿಗೆ ಫೋನ್ ಮಾಡಿದರೆ 3,705 ಅಂದರು. ನನ್ನನ್ನು ಕರೆದು ಏನ್ರೀ ಇದು ಅಂತ ಕೇಳಿದರು. ನನಗೂ ಗೊತ್ತಿಲ್ಲ. ರಿಪೋರ್ಟ್ ಚೆನ್ನಾಗಿಯೇ ತೆರೆಯುತ್ತದೆ, ಎಲ್ಲೂ ಕೆಂಪು ಗುರುತಿಲ್ಲ.

ಪಕ್ಕದ ಆಫೀಸಿನವರು ಹೇಳಿದ ಮೇಲೆ `Refresh history` ತೆಗೆದು ನೋಡಿದೆ. ಅವನು ಬಿಟ್ಟ ಶನಿವಾರ ರಾತ್ರಿ 9ರದ್ದು ಸರಿ ಇದೆ. ಮರುದಿನ ಭಾನುವಾರ ಎರಡು, ಹೋದ ಸೋಮವಾರ ಎರಡು ಫೇಲ್. ಅದರ ನಂತರ ಏನೂ ಇಲ್ಲ. ಫೇಲ್ ಆದದ್ದರಲ್ಲಿ ಹೀಗಿದೆ:

```
AADSTS50057: The user account is disabled.
```

ಸೆಟ್ಟಿಂಗ್ಸ್‌ನಲ್ಲಿ ಎಲ್ಲ ಬೂದು ಬಣ್ಣದಲ್ಲಿದೆ, ಮೇಲೆ `Take over` ಅಂತ ಒಂದು ಬಟನ್ ಇದೆ. ಒತ್ತಲು ಭಯ. ಇದ್ದದ್ದೂ ಹೋದರೆ? ಯಾರಾದರೂ ಹೇಳಿ.

ಸುಮ್ನೆ ನೋಡೋನು

ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ Ctrl+F5 ಒತ್ತಿ ನೋಡಿದ್ರಾ? ನನಗೆ ಬ್ಯಾಂಕಿನ ಸೈಟ್‌ನಲ್ಲಿ ಹೀಗೇ ಹಳೇ ಬ್ಯಾಲೆನ್ಸ್ ತೋರಿಸ್ತಿತ್ತು, ಅದರಿಂದ ಸರಿ ಹೋಯ್ತು. ಫೋನ್ ಆದರೆ ಆಪ್ ತೆಗೆದು ಮತ್ತೆ ಹಾಕಿ.

ಮೆಣಸಿನಕಾಯಿ ಲೆಕ್ಕ (ಹುಬ್ಬಳ್ಳಿ)

ಮಾಡಿದೆ ಸರ್. ಸಾವಕಾರರ ಫೋನು, ನನ್ನ ಕಂಪ್ಯೂಟರ್, ಎರಡರಲ್ಲೂ ಅದೇ 4,120.

ನವನಗರದವನು

ಇದು ಸುಲಭ. ಆ ಹುಡುಗನ ಪ್ರೊ ಲೈಸೆನ್ಸ್ ತೆಗೆದಿರುತ್ತಾರೆ, ಅದಕ್ಕೇ ನಿಂತಿದೆ. ಲೈಸೆನ್ಸ್ ವಾಪಸ್ ಹಾಕಿಸಿ, ಅಕೌಂಟ್ ಅನ್‌ಬ್ಲಾಕ್ ಮಾಡಿಸಿ, ಪಾಸ್‌ವರ್ಡ್ ರೀಸೆಟ್ ಮಾಡಿ ನೀವೇ ಅವನ ಹೆಸರಲ್ಲಿ ಲಾಗಿನ್ ಆಗಿ. ಹತ್ತು ನಿಮಿಷದ ಕೆಲಸ. ನಾವು ಒಂದು ವರ್ಷದಿಂದ ಹೀಗೇ ನಡೆಸ್ತಿದೀವಿ, ಏನೂ ಆಗಿಲ್ಲ.

ಗೇಟ್‌ವೇ ಕಾಕಾ (ಧಾರವಾಡ)

ನವನಗರದವರೇ, ಲೈಸೆನ್ಸ್ ಹೋದರೂ ರಿಫ್ರೆಶ್ ನಿಲ್ಲುತ್ತದೆ, ಅದು ನಿಜ. ಆದರೆ ಇಲ್ಲಿ ಎರರ್ ಸ್ಪಷ್ಟವಾಗಿದೆ. 50057 ಅಂದರೆ ಅಕೌಂಟೇ ಬಂದ್ ಆಗಿದೆ. ಲೈಸೆನ್ಸ್ ಹಾಕಿಸಿದರೆ ದುಡ್ಡು ಹೋಗುತ್ತೆ ಅಷ್ಟೇ.

ಪಾಸ್‌ವರ್ಡ್ ರೀಸೆಟ್ ಮಾಡಿದರೂ ತಾನಾಗಿ ಶುರುವಾಗಲ್ಲ. ರಿಫ್ರೆಶ್ ಪ್ರತಿ ಸಲ ಪಾಸ್‌ವರ್ಡ್ ಹಾಕಿಕೊಂಡು ಒಳಗೆ ಹೋಗಲ್ಲ. ಹುಡುಗ ಒಂದು ದಿನ ಸೈನ್ ಇನ್ ಮಾಡಿದಾಗ ಸಿಕ್ಕ ಟೋಕನ್ ಇಟ್ಟುಕೊಂಡಿರುತ್ತದೆ, ಅದನ್ನೇ ತೋರಿಸಿ ಹೊಸ ಟೋಕನ್ ಪಡೆಯುತ್ತಾ ಹೋಗುತ್ತದೆ. ಹಾಗಾಗಿಯೇ ಎರಡು ವರ್ಷ ಯಾರೂ ಮುಟ್ಟದೇ ನಡೆದಿದೆ. ನೀವು ಪಾಸ್‌ವರ್ಡ್ ಬದಲಿಸಿದರೆ ಆ ಹಳೇ ಟೋಕನ್ನೂ ಸಾಯುತ್ತದೆ, ಆಗ 50057 ಹೋಗಿ AADSTS50173 ಬರುತ್ತದೆ. ಮತ್ತೆ ಅವನ ಹೆಸರಲ್ಲಿ ಸೈನ್ ಇನ್ ಆಗಬೇಕು, ಅದು ಅವನ ಫೋನಿಗೆ ನಂಬರ್ ಕಳಿಸುತ್ತದೆ. ಬೆಂಗಳೂರಿನಲ್ಲಿ ಹೊಸ ಆಫೀಸಿನ ಮೀಟಿಂಗ್‌ನಲ್ಲಿ ಕೂತವನಿಗೆ ಫೋನ್ ಮಾಡಿ "ತಮ್ಮಾ, ನಂಬರ್ ಎಷ್ಟು ಬಂತು ಹೇಳಪ್ಪಾ" ಅಂತೀರಾ? ಅದೂ ಬೇಡ. ಬಿಟ್ಟು ಹೋದವನ ಹೆಸರಿನಲ್ಲಿ ಲಾಗಿನ್ ಆದರೆ ಮುಂದೆ ನಡೆದದ್ದೆಲ್ಲ ದಾಖಲೆಯಲ್ಲಿ ಅವನ ಹೆಸರಿನಲ್ಲೇ ಬರುತ್ತದೆ. ಪಾಪ ಅವನಿಗೂ ಬೇಡ, ನಿಮಗೂ ಬೇಡ.

ಲೆಕ್ಕದ ಸರ್, ಈಗ ನಿಮಗೆ. `Take over` ಒತ್ತಿದರೆ ರಿಪೋರ್ಟ್ ಅಳಿಸಿ ಹೋಗಲ್ಲ. ಒಳಗಿರುವ ಹಳೇ ಡೇಟಾ ಹಾಗೇ ಇರುತ್ತದೆ. ಮಾಲೀಕನ ಜಾಗದಲ್ಲಿ ಹುಡುಗನ ಹೆಸರು ಹೋಗಿ ನಿಮ್ಮ ಹೆಸರು ಬರುತ್ತದೆ. ಆದರೆ ಅವನು ಕೊಟ್ಟಿದ್ದ ಲಾಗಿನ್‌ಗಳು ನಿಮಗೆ ಬರಲ್ಲ. ಡೇಟಾ ಎಲ್ಲೆಲ್ಲಿಂದ ಬರುತ್ತೋ ಅಲ್ಲೆಲ್ಲ ಹೊಸದಾಗಿ ಸೈನ್ ಇನ್ ಮಾಡಬೇಕು. ಆ ಜಾಗಗಳಿಗೆ ನಿಮಗೆ ಪ್ರವೇಶ ಇದೆಯಾ ಅನ್ನುವುದೇ ನಿಜವಾದ ಪ್ರಶ್ನೆ.

ಅದಕ್ಕೆ ಒತ್ತುವ ಮೊದಲು ಎರಡು ವಿಷಯ ಹೇಳಿ. ಡೇಟಾ ಎಲ್ಲಿಂದ ಬರುತ್ತದೆ? ಆಫೀಸಿನ ಸರ್ವರ್‌ನಿಂದ ಏನಾದರೂ ಬರುತ್ತಿದ್ದರೆ, ಅದನ್ನು ಪವರ್ ಬಿಐಗೆ ತಲುಪಿಸುವ ಗೇಟ್‌ವೇ ಯಾವ ಕಂಪ್ಯೂಟರ್‌ನಲ್ಲಿದೆ?

ಇನ್ನೊಂದು, ಇದು ಅರ್ಜೆಂಟು. ನಿಮ್ಮ ಕಂಪ್ಯೂಟರ್‌ನವರಿಗೆ ಈಗಲೇ ಫೋನ್ ಮಾಡಿ, ಆ ಅಕೌಂಟ್ ಬಂದ್ ಇರಲಿ, ಆದರೆ ಡಿಲೀಟ್ ಮಾಡಬೇಡಿ ಅಂತ ಹೇಳಿ. ಡಿಲೀಟ್ ಮಾಡಿದ ಅಕೌಂಟ್ 30 ದಿನದೊಳಗೆ ಮಾತ್ರ ವಾಪಸ್ ಬರುತ್ತದೆ. ಅವನ ಒನ್‌ಡ್ರೈವ್ ಕೂಡ ಯಾರೂ ಸೆಟ್ಟಿಂಗ್ ಬದಲಿಸಿರದಿದ್ದರೆ ಅಷ್ಟೇ ದಿನ.

ಮೆಣಸಿನಕಾಯಿ ಲೆಕ್ಕ (ಹುಬ್ಬಳ್ಳಿ)

ಒಳ್ಳೆ ಹೊತ್ತಿಗೆ ಹೇಳಿದ್ರಿ ಕಾಕಾ. ಈ ತಿಂಗಳ ಕೊನೆಗೆ ಡಿಲೀಟ್ ಮಾಡಿ ಲೈಸೆನ್ಸ್ ಉಳಿಸೋಣ ಅಂತಿದ್ದರಂತೆ. ನಿಲ್ಲಿಸಿದ್ದೇನೆ.

ಡೇಟಾ ಬರುವುದು ನನಗೆ ಗೊತ್ತಿರುವ ಮಟ್ಟಿಗೆ ಎರಡು ಕಡೆಯಿಂದ. ಕೋಲ್ಡ್ ಸ್ಟೋರೇಜ್‌ನವರ ಎಕ್ಸೆಲ್ ಫೈಲುಗಳು ಶೇರ್‌ಪಾಯಿಂಟ್‌ನ ಒಂದು ಫೋಲ್ಡರ್‌ನಲ್ಲಿವೆ. ಬಿಲ್ಲುಗಳು ಆಫೀಸಿನ ಸರ್ವರ್‌ನ ಎಸ್‌ಕ್ಯೂಎಲ್‌ನಿಂದ. ಗೇಟ್‌ವೇ ಸರ್ವರ್‌ನಲ್ಲೇ ಇದೆ, ಅವನ ಟೇಬಲ್ ಮೇಲಿನ ಕಂಪ್ಯೂಟರ್‌ನಲ್ಲಿ ಅಲ್ಲ.

ಒಂದು ಅನುಮಾನ. ನಾಲ್ಕು ಸಲ ಫೇಲ್ ಆಗಿ ಸುಮ್ಮನಾದದ್ದು ಯಾಕೆ? ದಿನಾ ಫೇಲ್ ಆಗುತ್ತಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು ಅಲ್ವಾ?

ಗೇಟ್‌ವೇ ಕಾಕಾ (ಧಾರವಾಡ)

ಸತತ ನಾಲ್ಕು ಸಲ ಫೇಲ್ ಆದರೆ ಪವರ್ ಬಿಐ ಶೆಡ್ಯೂಲನ್ನೇ ಆಫ್ ಮಾಡುತ್ತದೆ. ತಾನಾಗಿ ಸರಿಹೋಗದಂಥ ತಪ್ಪು ಅಂತ ಅನ್ನಿಸಿದರೆ ಅದಕ್ಕಿಂತ ಮೊದಲೇ ಮಾಡಬಹುದು. ಆಫ್ ಆದದ್ದನ್ನು ನೀವೇ ಮತ್ತೆ ಆನ್ ಮಾಡಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಲಾಗಿನ್ ಎಲ್ಲ ಸರಿ ಮಾಡಿ, ಕೈಯಾರೆ ಒಂದು ಸಲ ರಿಫ್ರೆಶ್ ಮಾಡಿ, ಹಸಿರು ಬಂತು ಅಂತ ಮನೆಗೆ ಹೋಗುತ್ತಾರೆ. ಮರುದಿನ ಮತ್ತೆ ಹಳೇದು.

ಫೇಲ್ ಆದ ಮೇಲ್ ಹೋಗಿದೆ, ಹೋಗಿಲ್ಲ ಅಂತಲ್ಲ. ಯಾರೂ ಬದಲಿಸದಿದ್ದರೆ ಅದು ಹೋಗುವುದು ಮಾಲೀಕನಿಗೆ. ಅಂದರೆ ಆ ಹುಡುಗನ ಬಂದ್ ಆದ ಇನ್‌ಬಾಕ್ಸ್‌ಗೆ. ನಾಲ್ಕು ಮೇಲ್ ಅಲ್ಲಿ ಕೂತಿರುತ್ತವೆ.

ಗೇಟ್‌ವೇ ಸರ್ವರ್‌ನಲ್ಲಿರುವುದು ನಿಮ್ಮ ಪುಣ್ಯ. ಪರ್ಸನಲ್ ಮೋಡ್‌ನಲ್ಲಿ ಅವನ ಲ್ಯಾಪ್‌ಟಾಪ್‌ನಲ್ಲಿದ್ದಿದ್ದರೆ ಹೊಸದಾಗಿ ಹಾಕಿಸಬೇಕಿತ್ತು.

ಈಗ ಒತ್ತಿ. ಒತ್ತುವ ಮುಂಚೆ ಸೆಟ್ಟಿಂಗ್ಸ್ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಒತ್ತಿದ ಮೇಲೆ `Data source credentials` ಕೆಳಗೆ ಎಲ್ಲ ಮೂಲಗಳ ಪಟ್ಟಿ ಬರುತ್ತದೆ. ಒಂದೊಂದರ ವಿಳಾಸ ಪೂರ್ತಿ ಓದಿ. `/sites/` ಅಂತಿದ್ದರೆ ಅದು ಆಫೀಸಿನದು. `-my.sharepoint.com/personal/` ಅಂತಿದ್ದರೆ ಅದು ಅವನ ಸ್ವಂತ ಒನ್‌ಡ್ರೈವ್.

ಹಾವೇರಿ ಸರ್ವರ್ ರೂಮ್

ನಮ್ಮಲ್ಲೂ ಇದೇ ಕತೆ, ಆದರೆ ಪವರ್ ಬಿಐ ಅಲ್ಲ, ಎಸ್‌ಕ್ಯೂಎಲ್ ಸರ್ವರ್ ಏಜೆಂಟ್. ರಾತ್ರಿ ಓಡುವ ಜಾಬ್‌ಗೆ ಹಳೇ ಡಿಬಿಎ ಮಾಲೀಕ. ಅವರ ವಿಂಡೋಸ್ ಅಕೌಂಟ್ ತೆಗೆದ ಮರುದಿನ ಜಾಬ್ ಶುರುವೇ ಆಗಲಿಲ್ಲ. "Unable to determine if the owner ... has server access" ಅಂತ ಬರುತ್ತಿತ್ತು, ಕೊನೆಗೆ 0x534. ಜಾಬ್ ಒಳಗಿನ ಕೋಡ್‌ನಲ್ಲಿ ತಪ್ಪಿದೆ ಅಂತ ಅರ್ಧ ದಿನ ಹುಡುಕಿದೆವು. ಕೊನೆಗೆ ಒಂದೇ ಸಾಲು:

```sql
EXEC msdb.dbo.sp_update_job
  @job_name = N'NightlyStock',
  @owner_login_name = N'sa';
```

ಲೆಕ್ಕದವರ ಸರ್ವರ್‌ನಲ್ಲೂ ಇದನ್ನೇ ಓಡಿಸಿ ನೋಡಲಿ.

ಗೇಟ್‌ವೇ ಕಾಕಾ (ಧಾರವಾಡ)

ಹಾವೇರಿ ಸರ್, ನಿಮ್ಮದು ಸರಿಯಾದ ಔಷಧಿ, ಆದರೆ ಇವರ ಕಾಯಿಲೆಗೆ ಅಲ್ಲ. ಇವರ ರಿಫ್ರೆಶ್ ಏಜೆಂಟ್‌ನಿಂದ ಓಡುತ್ತಿಲ್ಲ. ಆದರೂ ಆ ಹುಡುಗ ಸರ್ವರ್‌ನಲ್ಲಿ ಜಾಬ್ ಏನಾದರೂ ಬಿಟ್ಟು ಹೋಗಿದ್ದಾನಾ ಅಂತ ನೋಡಿಸುವುದು ಒಳ್ಳೆಯದೇ. `sa` ಹೆಸರಲ್ಲಿ ಹಾಕಬೇಕಾ ಅನ್ನುವುದು ಬೇರೆ ಚರ್ಚೆ.

ಹಾವೇರಿ ಸರ್ವರ್ ರೂಮ್

ನಮ್ಮ ಆಡಿಟರ್‌ಗೂ `sa` ಇಷ್ಟವಿಲ್ಲ. ನನಗೆ ಅದೇ ಸರಿ ಅನ್ನಿಸುತ್ತದೆ, ಯಾಕಂದ್ರೆ `sa` ರಾಜೀನಾಮೆ ಕೊಡಲ್ಲ.

ಗದಗ ಅಕ್ಕ

ನಮ್ಮ ಶಾಲೆಯಲ್ಲಿ ಇದರ ಉಲ್ಟಾ ಆಯಿತು. ಫೀ ಬಾಕಿ ಇರುವ ಪೋಷಕರಿಗೆ ಪ್ರತಿ ಸೋಮವಾರ ಮೇಲ್ ಹೋಗುವ ಹಾಗೆ ಒಬ್ಬ ಗುಮಾಸ್ತರು ಗೂಗಲ್ ಶೀಟ್‌ನಲ್ಲಿ ಸ್ಕ್ರಿಪ್ಟ್ ಬರೆದು ಟ್ರಿಗರ್ ಇಟ್ಟಿದ್ದರು. ಶಾಲೆಯ ಐಡಿ ಅಲ್ಲ, ಅವರ ಸ್ವಂತ ಜಿಮೇಲ್. ಅವರು ಬಿಟ್ಟು ಹೋದ ಮೇಲೆ ಶೀಟಿನ ಮಾಲೀಕತ್ವ ನನ್ನ ಹೆಸರಿಗೆ ಬಂತು. ಇನ್ನು ಮೇಲ್ ಹೋಗಲ್ಲ ಅಂದುಕೊಂಡು ಟ್ರಿಗರ್ ಪುಟ ನೋಡಿದೆ, ಖಾಲಿ. ಸರಿ ಅಂತ ನಾನೇ ಒಂದು ಟ್ರಿಗರ್ ಇಟ್ಟೆ.

ಸೋಮವಾರ ಪೋಷಕರಿಗೆಲ್ಲ ಎರಡೆರಡು ಮೇಲ್. ಒಬ್ಬರು ಶಾಲೆಗೇ ಬಂದು "ಒಂದು ಸಲ ಹೇಳಿದರೆ ತಿಳಿಯುತ್ತದೆ ಮೇಡಂ" ಅಂದರು. ಅವರ ಟ್ರಿಗರ್ ಅವರ ಜಿಮೇಲ್‌ನಲ್ಲಿ ಇನ್ನೂ ಜೀವಂತ ಇತ್ತು. ಬೇರೆಯವರು ಇಟ್ಟ ಟ್ರಿಗರ್ ನನಗೆ ಕಾಣುವುದೇ ಇಲ್ಲವಂತೆ. ಶೀಟ್ ಕೈ ಬದಲಾದರೂ ಟ್ರಿಗರ್ ಇಟ್ಟವರ ಹತ್ತಿರವೇ ಉಳಿಯುತ್ತದೆ. ಕೊನೆಗೆ ಶೀಟ್‌ನಿಂದ ಅವರ ಪ್ರವೇಶ ತೆಗೆದೆ, ಆಗ ನಿಂತಿತು.

ಹಾಗಾಗಿ ಲೆಕ್ಕದ ಸರ್, ನಿಮ್ಮದು ನಿಂತು ಹೋಯಿತಲ್ಲ, ಅದೇ ಒಂದು ಲೆಕ್ಕಕ್ಕೆ ವಾಸಿ.

ಮೆಣಸಿನಕಾಯಿ ಲೆಕ್ಕ (ಹುಬ್ಬಳ್ಳಿ)

ಹ್ಹ ಹ್ಹ, ಅಕ್ಕಾ, 415 ಚೀಲದ ವ್ಯತ್ಯಾಸಕ್ಕೆ ಬೈಸಿಕೊಂಡವನಿಗೆ ವಾಸಿ ಅನ್ನಿಸಲ್ಲ.

ಕಾಕಾ, ಒತ್ತಿದೆ. ನೀವು ಹೇಳಿದ ಹಾಗೆಯೇ ಪಟ್ಟಿ ಬಂತು. ಎರಡಲ್ಲ, ಮೂರು ಮೂಲ. ಒಂದು ಶೇರ್‌ಪಾಯಿಂಟ್, ಒಂದು ಎಸ್‌ಕ್ಯೂಎಲ್, ಮೂರನೆಯದು `/personal/` ಅಂತಿದೆ. ಫೈಲಿನ ಹೆಸರು LotMaster.xlsx. ಯಾವ ಲಾಟ್ ಯಾವ ತಳಿ, ಯಾವ ಸ್ಟೋರೇಜ್ ಅನ್ನುವ ಪಟ್ಟಿ. ಅದಿಲ್ಲದಿದ್ದರೆ ರಿಪೋರ್ಟ್‌ನಲ್ಲಿ ಡಬ್ಬಿ ಯಾವುದು, ಕಡ್ಡಿ ಯಾವುದು ಗೊತ್ತೇ ಆಗಲ್ಲ. ತಿಂಗಳ ಕೊನೆಗೆ ಡಿಲೀಟ್ ಮಾಡಿದ್ದಿದ್ದರೆ ಅನ್ನೋದು ನೆನೆದರೆ ಬೆವರು ಬರುತ್ತೆ.

ಗೇಟ್‌ವೇ ಕಾಣುತ್ತದೆ, ಆದರೆ ಒಳಗೆ ನಮ್ಮ ಎಸ್‌ಕ್ಯೂಎಲ್ ಕನೆಕ್ಷನ್ ನನಗೆ ತೋರಿಸುತ್ತಿಲ್ಲ.

ಗೇಟ್‌ವೇ ಕಾಕಾ (ಧಾರವಾಡ)

ಕನೆಕ್ಷನ್ ಕಾಣದಿರುವುದಕ್ಕೆ ಕಾರಣ ಇದು. ಆ ಕನೆಕ್ಷನ್ ಬಳಸಲು ಯಾರಿಗೆಲ್ಲ ಅನುಮತಿ ಇದೆ ಅನ್ನುವ ಪಟ್ಟಿಯಲ್ಲಿ ಹುಡುಗ ಒಬ್ಬನೇ ಇದ್ದಾನೆ. `Take over` ರಿಪೋರ್ಟಿನ ಹಿಂದಿನ ಮಾಡೆಲ್ ಮಾತ್ರ ನಿಮ್ಮ ಹೆಸರಿಗೆ ತಂದಿದೆ, ಗೇಟ್‌ವೇಯನ್ನು ಮುಟ್ಟಿಲ್ಲ. ನಿಮ್ಮ ಕಂಪ್ಯೂಟರ್‌ನವರ ಹತ್ತಿರ ಟೆನೆಂಟ್ ಅಡ್ಮಿನ್ ಲಾಗಿನ್ ಇರುತ್ತದೆ. ಅವರು ಪವರ್ ಪ್ಲಾಟ್‌ಫಾರ್ಮ್ ಅಡ್ಮಿನ್ ಸೆಂಟರ್‌ಗೆ ಹೋಗಿ, ಡೇಟಾ ಭಾಗದಲ್ಲಿ `Tenant administration` ಆನ್ ಮಾಡಿದರೆ ಎಲ್ಲ ಗೇಟ್‌ವೇಗಳೂ ಕಾಣುತ್ತವೆ. ಅಲ್ಲಿ ಗೇಟ್‌ವೇಗೆ ಇಬ್ಬರು ಅಡ್ಮಿನ್ ಹಾಕಲಿ, ಕನೆಕ್ಷನ್‌ಗೆ ನಿಮ್ಮನ್ನು ಸೇರಿಸಲಿ. ಆ ಕನೆಕ್ಷನ್ ಒಳಗೆ ಎಸ್‌ಕ್ಯೂಎಲ್‌ನದೇ ಲಾಗಿನ್ ಇದೆಯಾ, ಅಥವಾ ಹುಡುಗನ ವಿಂಡೋಸ್ ಲಾಗಿನ್ ಇದೆಯಾ, ಅದನ್ನೂ ಕೇಳಿ. ಎರಡನೆಯದಾದರೆ ಅದೂ ಬದಲಾಗಬೇಕು.

LotMaster ಫೈಲಿಗೆ, ಅಡ್ಮಿನ್ ಅವನ ಒನ್‌ಡ್ರೈವ್‌ಗೆ ನಿಮಗೆ ಪ್ರವೇಶ ಕೊಡಲಿ. ಅಲ್ಲಿಂದ ನಕಲು ತೆಗೆದು ಆಫೀಸಿನ ಸೈಟ್‌ನಲ್ಲಿಡಿ. ಆಮೇಲೆ ಪವರ್ ಬಿಐ ಸೈಟ್‌ನಿಂದಲೇ ರಿಪೋರ್ಟಿನ ಫೈಲ್ ಇಳಿಸಿಕೊಂಡು, ಡೆಸ್ಕ್‌ಟಾಪ್‌ನಲ್ಲಿ ತೆರೆದು, ಆ ಒಂದು ಕ್ವೆರಿಯ ವಿಳಾಸ ಬದಲಿಸಿ. ಹೀಗೆ:

```
Source = SharePoint.Files(
  "https://yourcompany.sharepoint.com/sites/Stock",
  [ApiVersion = 15])
```

ಇಲ್ಲಿ ಒಂದು ಎಡವಟ್ಟು ಆಗುತ್ತದೆ. ಫೋಲ್ಡರ್ ವಿಳಾಸ ಪೂರ್ತಿ ಅಂಟಿಸಬೇಡಿ, ಸೈಟ್ ಹೆಸರಿನವರೆಗೆ ಮಾತ್ರ. ಫೋಲ್ಡರ್ ಆಮೇಲೆ ಫಿಲ್ಟರ್ ಮಾಡಬೇಕು.

ನವನಗರದವನು

ಲೆಕ್ಕದವರ ಸ್ವಂತ ಲಾಗಿನ್ ಹಾಕಿದರೆ ನಾಳೆ ಅವರು ಬಿಟ್ಟರೆ ಮತ್ತೆ ಇದೇ ತಾನೇ? ಸರ್ವಿಸ್ ಪ್ರಿನ್ಸಿಪಲ್ ಮಾಡಿಸಿ. ಒಮ್ಮೆ ಮಾಡಿದರೆ ಶಾಶ್ವತ. ಮನುಷ್ಯನೇ ಅಲ್ಲ, ಬಿಟ್ಟು ಹೋಗುವ ಮಾತೇ ಇಲ್ಲ.

ಗೇಟ್‌ವೇ ಕಾಕಾ (ಧಾರವಾಡ)

ಮೊದಲ ಮಾತು ನೂರಕ್ಕೆ ನೂರು ಸರಿ. ಶಾಶ್ವತ ಅನ್ನುವುದು ಸರಿಯಲ್ಲ. ಸರ್ವಿಸ್ ಪ್ರಿನ್ಸಿಪಲ್‌ಗೆ ಒಂದು ಸೀಕ್ರೆಟ್ ಇರುತ್ತದೆ, ಪೋರ್ಟಲ್‌ನಲ್ಲಿ ಅದಕ್ಕೆ ಹೆಚ್ಚೆಂದರೆ 24 ತಿಂಗಳು ಆಯುಷ್ಯ. ಅದು ಮುಗಿದ ದಿನ ಇದೇ ನಾಟಕ, ಅವತ್ತು ಸೀಕ್ರೆಟ್ ಮಾಡಿದವರು ಯಾರು ಅಂತ ಯಾರಿಗೂ ನೆನಪಿರಲ್ಲ. ಎಲ್ಲ ಬಗೆಯ ಮೂಲಕ್ಕೂ ಅದು ಆಗುವುದೂ ಇಲ್ಲ. ಮಾಡುವ ಜನ ಇರುವ ದೊಡ್ಡ ಆಫೀಸಿಗೆ ಸರಿ. ಏಳು ಜನರ ಮೆಣಸಿನಕಾಯಿ ಆಫೀಸಿಗೆ ನಾನಾದರೆ ರಿಪೋರ್ಟ್‌ಗಳಿಗೆಂದೇ ಒಂದು ಪ್ರತ್ಯೇಕ ಅಕೌಂಟ್ ಮಾಡಿಸುತ್ತೇನೆ. ಅದಕ್ಕೆ ಲೈಸೆನ್ಸ್ ಬೇಕು, ಪುಕ್ಕಟೆ ಅಲ್ಲ. ಸೈನ್ ಇನ್ ನಂಬರ್ ಬರುವುದಕ್ಕೆ ಇಬ್ಬರ ಫೋನ್ ಸೇರಿಸಿ.

ಹಾವೇರಿ ಸರ್ವರ್ ರೂಮ್

ಇಬ್ಬರು ಒಂದೇ ಪಾಸ್‌ವರ್ಡ್ ಹಂಚಿಕೊಳ್ಳುವುದನ್ನು ನಾನು ಒಪ್ಪಲ್ಲ ಕಾಕಾ. ಯಾರು ಏನು ಮಾಡಿದರು ಅನ್ನುವುದು ಹೋಗುತ್ತದೆ. ಮೊದಲಿನ ನಿಮ್ಮ ಮಾತೇ ಅದು, ದಾಖಲೆಯಲ್ಲಿ ಬೇರೆಯವರ ಹೆಸರು ಬರಬಾರದು ಅಂತ.

ಗೇಟ್‌ವೇ ಕಾಕಾ (ಧಾರವಾಡ)

ಹೌದ್ರಿ, ಸಿಕ್ಕಿಬಿದ್ದೆ. ಆ ಅಕೌಂಟ್‌ನಲ್ಲಿ ದಿನದ ಕೆಲಸ ಮಾಡಬಾರದು, ಸೈನ್ ಇನ್ ಹಳತಾದಾಗ ಮಾತ್ರ ತೆರೆಯಬೇಕು ಅನ್ನುವುದು ನನ್ನ ವಾದ. ನೀವು ಒಪ್ಪದಿದ್ದರೂ ತಪ್ಪಿಲ್ಲ.

ಮೆಣಸಿನಕಾಯಿ ಲೆಕ್ಕ (ಹುಬ್ಬಳ್ಳಿ)

ಮಂಗಳವಾರ ಮಧ್ಯಾಹ್ನ. ಕಂಪ್ಯೂಟರ್‌ನವರು ಬಂದು ಎಲ್ಲ ಮಾಡಿಕೊಟ್ಟರು. ಎಸ್‌ಕ್ಯೂಎಲ್ ಲಾಗಿನ್ ಬೇರೆಯದೇ ಇತ್ತು, ಅದು ಬಚಾವ್. LotMaster ಸೈಟ್‌ಗೆ ಬಂತು. ರಿಫ್ರೆಶ್ ಕೊಟ್ಟೆ, ಹಸಿರು! ಶೆಡ್ಯೂಲ್ ಆನ್ ಮಾಡಿದೆ, ಫೇಲ್ ಆದರೆ ನನಗೂ ಸಾವಕಾರರ ಮಗನಿಗೂ ಮೇಲ್ ಬರುವ ಹಾಗೆ ಹಾಕಿದೆ.

ಖುಷಿಯಿಂದ ರಿಪೋರ್ಟ್ ತೆಗೆದರೆ... 4,120.

ಇದೇನ್ರೀ ಕಾಕಾ? ರಿಫ್ರೆಶ್ ಆಗಿದೆ ಅಂತ ಅದೇ ಹೇಳುತ್ತಿದೆ, ಲೆಕ್ಕ ಮಾತ್ರ ಅದೇ.

ನವನಗರದವನು

ಕೊನೆಗೆ ರಿಫ್ರೆಶ್ ಆದ ಸಮಯ ರಿಪೋರ್ಟ್ ಮೇಲೇ ಹಾಕಿ, ಗೊತ್ತಾಗುತ್ತೆ. ಪವರ್ ಕ್ವೆರಿಯಲ್ಲಿ `DateTime.LocalNow()` ಸಾಕು.

ಗೇಟ್‌ವೇ ಕಾಕಾ (ಧಾರವಾಡ)

ಅದನ್ನು ಹಾಕಿದರೆ ಪವರ್ ಬಿಐ ಸೈಟ್‌ನಲ್ಲಿ ಐದೂವರೆ ಗಂಟೆ ಹಿಂದಿನ ಸಮಯ ತೋರಿಸುತ್ತದೆ, ಅಲ್ಲಿನ ಗಡಿಯಾರ ಯುಟಿಸಿ. ಅದನ್ನು ಸರಿ ಮಾಡಿಕೊಂಡರೂ ಇಲ್ಲಿ ಉಪಯೋಗವಿಲ್ಲ. ಇವತ್ತು ಮಧ್ಯಾಹ್ನ ರಿಫ್ರೆಶ್ ಆಗಿದೆ ಅಂತಲೇ ತೋರಿಸುತ್ತದೆ, ಅದು ನಿಜವೂ ಹೌದು. ಹಳೇ ಫೈಲುಗಳನ್ನು ಹೊಸದಾಗಿ ಓದಿದೆ.

ಲೆಕ್ಕದ ಸರ್, ಶೇರ್‌ಪಾಯಿಂಟ್ ಫೋಲ್ಡರ್ ತೆಗೆದು ಕೊನೆಯ ಫೈಲಿನ ದಿನಾಂಕ ನೋಡಿ. ಆ ಫೈಲುಗಳನ್ನು ಅಲ್ಲಿ ಹಾಕುವವರು ಯಾರು?

ಮೆಣಸಿನಕಾಯಿ ಲೆಕ್ಕ (ಹುಬ್ಬಳ್ಳಿ)

ಕೊನೆಯ ಫೈಲ್ ಅದೇ ಶನಿವಾರದ್ದು. ಅವನು ಬಿಟ್ಟ ದಿನದ್ದು.

ಹಾಕುವವರು... ಗೊತ್ತಿಲ್ಲ. ತಾನೇ ಬರುತ್ತಿತ್ತು.

ಗೇಟ್‌ವೇ ಕಾಕಾ (ಧಾರವಾಡ)

ತಾನೇ ಏನೂ ಬರಲ್ಲ ಸರ್. ಸ್ಟೋರೇಜ್‌ನವರಿಗೆ ಫೋನ್ ಮಾಡಿ, ದಿನಾ ಸಂಜೆ ಎಕ್ಸೆಲ್ ಎಲ್ಲಿಗೆ ಕಳಿಸುತ್ತೀರಿ ಅಂತ ಕೇಳಿ.

ಮೆಣಸಿನಕಾಯಿ ಲೆಕ್ಕ (ಹುಬ್ಬಳ್ಳಿ)

ಕೇಳಿದೆ. ಮೂರೂ ಸ್ಟೋರೇಜ್‌ನವರು ಸಂಜೆ 7ಕ್ಕೆ ಆ ಹುಡುಗನ ಮೇಲ್ ಐಡಿಗೆ ಕಳಿಸುತ್ತಾರೆ. ಈಗಲೂ ಕಳಿಸುತ್ತಿದ್ದಾರೆ! "ನೀವು ಬದಲಿಸಿ ಅಂತ ಹೇಳಲಿಲ್ಲವಲ್ಲ" ಅಂದರು. ಅವರದೂ ತಪ್ಪಲ್ಲ.

ಹುಡುಗನಿಗೇ ಫೋನ್ ಮಾಡಿದೆ, ಪಾಪ ಒಳ್ಳೆಯವನು, ತಕ್ಷಣ ಹೇಳಿದ. ಪವರ್ ಆಟೊಮೇಟ್‌ನಲ್ಲಿ ಒಂದು ಫ್ಲೋ ಇಟ್ಟಿದ್ದನಂತೆ. ಮೇಲ್ ಬಂದ ಕೂಡಲೇ ಅಟ್ಯಾಚ್‌ಮೆಂಟ್ ತೆಗೆದು ಫೋಲ್ಡರ್‌ಗೆ ಹಾಕುವುದು. ಹೋಗುವಾಗ ಹೇಳುವುದು ಮರೆತೆ ಅಣ್ಣಾ ಅಂದ. ಅವನೇ ಮರೆತಿದ್ದನಂತೆ ಅದು ಇದೆ ಅಂತ.

ಗೇಟ್‌ವೇ ಕಾಕಾ (ಧಾರವಾಡ)

ಅವನು ಸುಳ್ಳು ಹೇಳುತ್ತಿಲ್ಲ. ಚೆನ್ನಾಗಿ ನಡೆಯುವುದನ್ನು ಮಾಡಿದವನೇ ಮೊದಲು ಮರೆಯುವುದು.

ಈಗ ನಿಮ್ಮಲ್ಲಿ ನಿಂತಿದ್ದು ಒಂದಲ್ಲ, ಎರಡು. ರಿಫ್ರೆಶ್ ನಿಂತಿತ್ತು, ಅದು ಕೆಂಪು ತೋರಿಸಿತು. ಅದರ ಹಿಂದೆ ಫ್ಲೋ ನಿಂತಿತ್ತು, ಅದು ನಿಮ್ಮ ರಿಪೋರ್ಟ್‌ನಲ್ಲಿ ಎಲ್ಲೂ ಕಾಣಲ್ಲ. ಫ್ಲೋ ನಿಂತ ತಪ್ಪಿಗೆ ರಿಫ್ರೆಶ್ ಯಾವತ್ತೂ ಕೆಂಪಾಗಲ್ಲ.

ಫ್ಲೋವನ್ನು ಅಡ್ಮಿನ್ ಮೂಲಕ ನಿಮ್ಮ ಹೆಸರಿಗೆ ಸಹ-ಮಾಲೀಕ ಅಂತ ಸೇರಿಸಬಹುದು. ಆದರೆ ಒಳಗಿನ ಔಟ್‌ಲುಕ್, ಶೇರ್‌ಪಾಯಿಂಟ್ ಕನೆಕ್ಷನ್‌ಗಳು ಅವನವು, ಅವನ್ನು ಬದಲಿಸಲೇಬೇಕು. ಅದರ ಜೊತೆ ವಿಳಾಸದ ತೊಂದರೆಯೂ ಇದೆ. ಒಬ್ಬ ಮನುಷ್ಯನ ಮೇಲ್‌ಗೆ ಸ್ಟಾಕ್ ಬರುವುದು ಬೇಡ. ಒಂದು ಶೇರ್ಡ್ ಮೇಲ್‌ಬಾಕ್ಸ್ ಮಾಡಿಸಿ, ಮೂರೂ ಸ್ಟೋರೇಜ್‌ನವರಿಗೆ ಆ ವಿಳಾಸ ಕೊಡಿ. ಫ್ಲೋದ ಮೊದಲ ಹೆಜ್ಜೆಯಲ್ಲಿ `When a new email arrives in a shared mailbox (V2)` ಹಾಕಿ. ಸ್ಟೋರೇಜ್‌ನವರು ಅಭ್ಯಾಸಬಲದಿಂದ ಇನ್ನೂ ಹಳೇ ವಿಳಾಸಕ್ಕೇ ಕಳಿಸುತ್ತಾರೆ, ಖಂಡಿತ. ಅದಕ್ಕೆ ಅವನ ಮೇಲ್‌ಬಾಕ್ಸ್‌ನಿಂದ ಹೊಸದಕ್ಕೆ ಫಾರ್ವರ್ಡ್ ಇಡಿಸಿ.

ಈಗಾಗಲೇ ಬಂದು ಬಿದ್ದಿರುವ ಮೇಲ್‌ಗಳನ್ನು ಹೊಸ ಫ್ಲೋ ಮುಟ್ಟಲ್ಲ, ಇನ್ನು ಮುಂದೆ ಬರುವವನ್ನು ಮಾತ್ರ ನೋಡುತ್ತದೆ. ಭಾನುವಾರ ಬಿಟ್ಟರೆ ಹೋದ ಸೋಮವಾರದಿಂದ ನಿನ್ನೆಯವರೆಗೆ 7 ದಿನ, ಮೂರು ಸ್ಟೋರೇಜ್, 21 ಅಟ್ಯಾಚ್‌ಮೆಂಟ್. ಅವನ್ನು ಅಡ್ಮಿನ್ ತೆಗೆದುಕೊಟ್ಟ ಮೇಲೆ ಕೈಯಾರೆ ಫೋಲ್ಡರ್‌ಗೆ ಹಾಕಿ. ಎಣಿಸಿ, 21 ಇರಬೇಕು.

ಮತ್ತೆ ರಿಪೋರ್ಟ್ ಮೇಲೆ ರಿಫ್ರೆಶ್ ಸಮಯದ ಬದಲು ಇದನ್ನು ಹಾಕಿ:

```
Last Stock Date = MAX ( Stock[StockDate] )
```

ಎಲ್ಲಕ್ಕೂ ಸೇರಿ ಒಂದೇ ದಿನಾಂಕವಾಗಿ ಹಾಕಬೇಡಿ. ಸ್ಟೋರೇಜ್ ಹೆಸರಿನ ಪಕ್ಕ ಕಾಣುವ ಹಾಗೆ ಟೇಬಲ್‌ನಲ್ಲಿ ಹಾಕಿ. ಒಂದು ಸ್ಟೋರೇಜ್‌ನವರು ಮಾತ್ರ ಕಳಿಸದಿದ್ದರೂ ಆಗ ಕಾಣುತ್ತದೆ. ಒಂದೇ ಆಗಿದ್ದರೆ ಉಳಿದಿಬ್ಬರ ದಿನಾಂಕ ಅದನ್ನು ಮುಚ್ಚಿಬಿಡುತ್ತದೆ.

ಗದಗ ಅಕ್ಕ

ಕಾಕಾ, ಹೀಗೆ ಇನ್ನೂ ಎಷ್ಟು ಅಡಗಿವೆ ಅಂತ ಮೊದಲೇ ನೋಡುವ ದಾರಿ ಇಲ್ಲವಾ? ಯಾರಾದರೂ ಬಿಡುತ್ತೇನೆ ಅಂತ ಹೇಳಿದ ದಿನವೇ?

ಗೇಟ್‌ವೇ ಕಾಕಾ (ಧಾರವಾಡ)

ಪವರ್ ಬಿಐ ಮಟ್ಟಿಗೆ ಅಡ್ಮಿನ್ ಇದನ್ನು ಪವರ್‌ಶೆಲ್‌ನಲ್ಲಿ ಓಡಿಸಬಹುದು:

```powershell
Connect-PowerBIServiceAccount
Get-PowerBIDataset -Scope Organization |
  Where-Object ConfiguredBy -eq "huduga@yourcompany.com" |
  Select-Object Name, Id
```

ಅವನ ಹೆಸರಲ್ಲಿರುವ ಮಾಡೆಲ್‌ಗಳೆಲ್ಲ ಬರುತ್ತವೆ. ಆದರೆ ಲೆಕ್ಕದವರ ಕೇಸಿನಲ್ಲಿ ಇದು ಮಾಡೆಲ್ ಮಾತ್ರ ಹಿಡಿಯುತ್ತಿತ್ತು. ಗೇಟ್‌ವೇ ಪಟ್ಟಿ, ಒನ್‌ಡ್ರೈವ್ ಫೈಲು, ಫ್ಲೋ, ಯಾವುದೂ ಇದರಲ್ಲಿ ಬರಲ್ಲ. ಅದಕ್ಕೆ ನಾನು ಒಂದು ಹಳ್ಳಿ ಉಪಾಯ ಮಾಡುತ್ತೇನೆ. ಬಿಡುವವರು ಇನ್ನೂ ಆಫೀಸಿನಲ್ಲಿರುವಾಗಲೇ, ಕೊನೆಯ ದಿನಕ್ಕೆ ಒಂದು ವಾರ ಮುಂಚೆ, ಅವರ ಒಪ್ಪಿಗೆ ಪಡೆದು ಎರಡು ದಿನ ಅವರ ಲಾಗಿನ್ ಬಂದ್ ಮಾಡಿಸಿ. ಏನೇನು ನಿಲ್ಲುತ್ತದೆ ನೋಡಿ. ಪಕ್ಕದಲ್ಲೇ ಕೂತಿರುತ್ತಾರೆ, ಕೇಳಬಹುದು.

ನವನಗರದವನು

ಎರಡು ದಿನ ಆ ಮನುಷ್ಯ ಏನು ಮಾಡಬೇಕು? ಸುಮ್ನೆ ಚಹಾ ಕುಡೀತಾ ಕೂತಿರಬೇಕಾ?

ಗೇಟ್‌ವೇ ಕಾಕಾ (ಧಾರವಾಡ)

ನೋಟಿಸ್ ಪೀರಿಯಡ್‌ನಲ್ಲಿ ಬೇರೆ ಏನು ಮಾಡುತ್ತಾರೆ?

ತಿಂಗಳಿಗೊಮ್ಮೆ ಓಡುವ ಕೆಲಸ ಎರಡು ದಿನದಲ್ಲಿ ಸಿಗಲ್ಲ, ಅದು ಇದರ ಕೊರತೆ. ಜಿಎಸ್‌ಟಿ ಸಮಯದಲ್ಲಿ ಮಾತ್ರ ಓಡುವ ಫೈಲು ಅದೇ ಸಮಯಕ್ಕೇ ಕೈ ಕೊಡುತ್ತದೆ.

ಮೆಣಸಿನಕಾಯಿ ಲೆಕ್ಕ (ಹುಬ್ಬಳ್ಳಿ)

ಗುರುವಾರ, ಮತ್ತೆ ಪೇಟೆ ದಿನ. ವರದಿ ಒಪ್ಪಿಸುತ್ತೇನೆ.

21 ಅಟ್ಯಾಚ್‌ಮೆಂಟ್ ಇರಬೇಕಿತ್ತು, 20 ಸಿಕ್ಕವು. ಮೂರನೇ ಸ್ಟೋರೇಜ್‌ನವರು ಒಂದು ದಿನ ಫೈಲ್ ಹಚ್ಚುವುದು ಮರೆತು ಖಾಲಿ ಮೇಲ್ ಕಳಿಸಿದ್ದರು. ಅದನ್ನು ವಾಟ್ಸಾಪ್‌ನಲ್ಲಿ ತರಿಸಿಕೊಂಡೆ. ಕಾಕಾ ಎಣಿಸಿ ಅಂದದ್ದಕ್ಕೆ ಗೊತ್ತಾಯಿತು. ಹೊಸ ಫ್ಲೋ ನಿನ್ನೆ ಸಂಜೆ 7ರ ಮೇಲ್‌ಗಳನ್ನು ಸರಿಯಾಗಿ ಹಿಡಿಯಿತು. ಎರಡು ಹೊಸ ವಿಳಾಸಕ್ಕೇ ಬಂದವು, ಒಂದು ಹಳೇ ವಿಳಾಸಕ್ಕೆ ಹೋಗಿ ಫಾರ್ವರ್ಡ್ ಆಗಿ ಬಂತು.

ಅಕೌಂಟ್ ವಿಷಯದಲ್ಲಿ ಸಾವಕಾರರು ಇನ್ನೂ ಏನೂ ಹೇಳಿಲ್ಲ. ಇನ್ನೊಂದು ಲೈಸೆನ್ಸ್ ಯಾಕೆ, ನೀವೇನು ಬಿಟ್ಟು ಹೋಗುತ್ತೀರಾ ಅಂತ ನನ್ನನ್ನೇ ಕೇಳಿದರು. ಸದ್ಯಕ್ಕೆ ನನ್ನ ಲಾಗಿನ್‌ನಲ್ಲೇ ಓಡುತ್ತಿದೆ. ತಪ್ಪು ಅಂತ ಗೊತ್ತು, ಬೈಯಬೇಡಿ.

ಸ್ಟೋರೇಜ್ ಹೆಸರಿನ ಪಕ್ಕ ದಿನಾಂಕದ ಕಾಲಂ ಹಾಕಿದ್ದೇನೆ. ಇವತ್ತು ಬೆಳಗ್ಗೆ ಸಾವಕಾರರು ಮೊದಲು ಅದನ್ನೇ ನೋಡಿದರು, ಆಮೇಲೆ ಚೀಲ ನೋಡಿದರು. ಸೋಮವಾರದ ಲೆಕ್ಕಕ್ಕೆ ಎರಡನೇ ಸ್ಟೋರೇಜ್‌ನಲ್ಲಿ 3,720 ಚೀಲ ಡಬ್ಬಿ ತೋರಿಸುತ್ತಿದೆ. ಅವರು ಅವತ್ತು ಫೋನಿನಲ್ಲಿ ಹೇಳಿದ್ದು 3,705.

15 ಚೀಲ ಇನ್ನೂ ಹೊಂದುತ್ತಿಲ್ಲ. ಸ್ಯಾಂಪಲ್‌ಗೆ ತೆಗೆದದ್ದು ಅನ್ನುತ್ತಾರೆ. ಒಂದು ವಾರದಲ್ಲಿ 15 ಚೀಲ ಸ್ಯಾಂಪಲ್ ಯಾರು ನೋಡಿದರು ಅಂತ ತಿಳಿಯಲು ನಾಳೆ ಬ್ಯಾಡಗಿಗೆ ಹೋಗುತ್ತಿದ್ದೇನೆ.